ಸ್ಕ್ಯೂ 18 ಪಿಕೋಸೆಕೆಂಡ್ ಮಾತ್ರ ಇದ್ದರೂ ಹೋಲ್ಡ್ ಏಕೆ ನಿಲ್ಲುತ್ತಿಲ್ಲ? ಟ್ರೀ ಸಾಕೇ, ಮೆಶ್ ಬೇಕೇ?

#1 ಕಾವೇರಿತೀರ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಫಿಸಿಕಲ್ ಡಿಸೈನ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಈಗ ನನ್ನ ಪಾಲಿಗೆ ಬಂದಿರುವ ಬ್ಲಾಕ್‌ನಲ್ಲಿ ಸುಮಾರು 40 ಸಾವಿರ ಫ್ಲಾಪ್‌ಗಳಿವೆ. ಕ್ಲಾಕ್ 1 ಗಿಗಾಹರ್ಟ್ಸ್. ಕ್ಲಾಕ್ ಟ್ರೀ ಕಟ್ಟಿದ ಮೇಲೆ ಬಂದ ವರದಿಯಲ್ಲಿ ಇನ್ಸರ್ಷನ್ ಡಿಲೇ ಸುಮಾರು 620 ಪಿಕೋಸೆಕೆಂಡ್, ಇಡೀ ಬ್ಲಾಕ್‌ನ ಸ್ಕ್ಯೂ 18 ಪಿಕೋಸೆಕೆಂಡ್ ಎಂದಿದೆ. ಟ್ರೀ ಚೆನ್ನಾಗಿ ಬ್ಯಾಲೆನ್ಸ್ ಆಗಿದೆ ಎಂದು ನೆಮ್ಮದಿಯಿಂದಿದ್ದೆ. ಆದರೆ ಸೈನ್‌ಆಫ್ ಟೈಮಿಂಗ್‌ನಲ್ಲಿ ನೂರಾರು ಹೋಲ್ಡ್ ವೈಲೇಷನ್‌ಗಳು ಕಾಣಿಸಿಕೊಂಡಿವೆ, ಅದೂ ಅಕ್ಕಪಕ್ಕದಲ್ಲೇ ಕುಳಿತಿರುವ ಫ್ಲಾಪ್‌ಗಳ ನಡುವೆ.

ನಮ್ಮ ಲೀಡ್ "ಮೊದಲು ಇನ್ಸರ್ಷನ್ ಡಿಲೇ ಇಳಿಸಿ" ಎನ್ನುತ್ತಾರೆ. ಪಕ್ಕದ ತಂಡದವರು "ಟ್ರೀ ಬಿಟ್ಟು ಮೆಶ್ ಹಾಕಿ" ಎನ್ನುತ್ತಾರೆ. ನನಗೆ ಅರ್ಥವಾಗದಿರುವುದು ಇಷ್ಟು: ಸ್ಕ್ಯೂ ಎಂದರೆ ಎರಡು ಫ್ಲಾಪ್‌ಗಳಿಗೆ ಕ್ಲಾಕ್ ತಲುಪುವ ಸಮಯಗಳ ವ್ಯತ್ಯಾಸ ತಾನೇ? ಎರಡೂ ಕಡೆ 620 ಇದ್ದರೂ ಸರಿ, 6,200 ಇದ್ದರೂ ಸರಿ, ಕಳೆದಾಗ ಸೊನ್ನೆಯೇ ಬರಬೇಕು. ಹಾಗಿರುವಾಗ ಇನ್ಸರ್ಷನ್ ಡಿಲೇಗೂ ಹೋಲ್ಡ್‌ಗೂ ಏನು ಸಂಬಂಧ?

#2 ಶೂನ್ಯಸ್ಕ್ಯೂ

ನಿಮ್ಮ ಲೆಕ್ಕ ಸರಿಯಾಗಿದೆ. ಎರಡು ಕಡೆಯೂ ಸಮಾನವಾಗಿ ಇರುವುದು ಕಳೆದುಹೋಗುತ್ತದೆ. ಇನ್ಸರ್ಷನ್ ಡಿಲೇ ತೊಂದರೆ ಕೊಡುವುದು ಬ್ಲಾಕ್‌ನ ಒಳಹೊರಗಿನ ಪೋರ್ಟ್‌ಗಳಲ್ಲಿ ಮಾತ್ರ, ಏಕೆಂದರೆ ಅಲ್ಲಿ ಎದುರಿಗಿರುವ ಫ್ಲಾಪ್ ಬೇರೆ ಟ್ರೀಯಲ್ಲಿ ಇರುತ್ತದೆ. ಒಳಗಿನ ಹೋಲ್ಡ್ ವೈಲೇಷನ್‌ಗಳಿಗೆ ಡಿಲೇ ಬಫರ್ ಹಾಕಿ ಮುಗಿಸಿ. ಇದಕ್ಕಾಗಿ ಟ್ರೀ ಕೆಡವುವ ಅಗತ್ಯ ನನಗೆ ಕಾಣುವುದಿಲ್ಲ.

#3 ಬೋರ್ಡ್‌ಮನೆ

ಬೋರ್ಡ್ ವಿನ್ಯಾಸದಲ್ಲಿ ನಾವು ಮೆಮೊರಿಯ ಲೈನ್‌ಗಳ ಉದ್ದವನ್ನು ಸಮ ಮಾಡಲು ಚಿಕ್ಕ ಲೈನ್‌ಗಳನ್ನು ಬೇಕೆಂದೇ ಅಂಕುಡೊಂಕಾಗಿ ಎಳೆಯುತ್ತೇವೆ. ನೀವೂ ಎಲ್ಲ ಕ್ಲಾಕ್ ತಂತಿಗಳ ಉದ್ದವನ್ನು ಒಂದೇ ಮಾಡಿದರೆ ಆಗುವುದಿಲ್ಲವೇ?

#4 ಮಲೆನಾಡಿಗ_ಟೈಮಿಂಗ್

ಬೋರ್ಡ್‌ಮನೆ ಅವರೇ, ಚಿಪ್‌ನೊಳಗೆ ಡಿಲೇಯ ದೊಡ್ಡ ಪಾಲು ಬಫರ್‌ಗಳದ್ದು. ಉಳಿದ ತಂತಿಯ ಡಿಲೇಯನ್ನೂ ಅದರ ರೆಸಿಸ್ಟೆನ್ಸ್ ಮತ್ತು ಹೊತ್ತಿರುವ ಲೋಡ್ ನಿರ್ಧರಿಸುತ್ತವೆ. ಹಾಗಾಗಿ ಉದ್ದ ಸಮ ಮಾಡಿದ ಮಾತ್ರಕ್ಕೆ ಸಮಯ ಸಮವಾಗುವುದಿಲ್ಲ. ಅದಿರಲಿ, ಇಲ್ಲಿ ಪ್ರಶ್ನೆ ಅದಲ್ಲ. ಅವರ ಟ್ರೀ ವರದಿಯ ಪ್ರಕಾರ ಆಗಲೇ ಸಮವಾಗಿದೆ.

ಕಾವೇರಿತೀರ ಅವರೇ, "ಕಳೆದಾಗ ಸೊನ್ನೆ" ಎಂಬ ಮಾತು ಎರಡೂ ಕೊಂಬೆಗಳು ನೀವು ಲೆಕ್ಕ ಹಾಕಿದಂತೆಯೇ ನಡೆದುಕೊಂಡರೆ ಮಾತ್ರ ನಿಜ. ಸಿಲಿಕಾನ್‌ನಲ್ಲಿ ಒಂದು ಕೊಂಬೆಯ ಬಫರ್‌ಗಳು ತುಸು ವೇಗವಾಗಿ, ಇನ್ನೊಂದರವು ತುಸು ನಿಧಾನವಾಗಿ ಕೆಲಸ ಮಾಡುತ್ತವೆ. ಆ ಏರುಪೇರು ಡಿಲೇಯ ಶೇಕಡಾವಾರು ಬರುತ್ತದೆ, ಆದ್ದರಿಂದ ಡಿಲೇ ದೊಡ್ಡದಾದಷ್ಟೂ ಏರುಪೇರೂ ದೊಡ್ಡದು. ಸೈನ್‌ಆಫ್‌ನಲ್ಲಿ ಡಿರೇಟ್ ಹಾಕುವುದು ಇದಕ್ಕಾಗಿಯೇ. ಟ್ರೀ ಕಟ್ಟುವ ಟೂಲ್ ತೋರಿಸಿದ 18ರಲ್ಲಿ ಬಹುಶಃ ಅದು ಸೇರಿಲ್ಲ.

ಮಾತಿನಲ್ಲಿ ಹೇಳುವುದಕ್ಕಿಂತ ನಿಮ್ಮದೇ ಒಂದು ಪಾತ್ ಇಟ್ಟುಕೊಂಡು ನೋಡೋಣ. ಸೋಲುತ್ತಿರುವ ಯಾವುದಾದರೂ ಒಂದು ಜೋಡಿಗೆ ಹೀಗೆ ವರದಿ ತೆಗೆಯಿರಿ:

```
report_timing -delay_type min -path_type full_clock_expanded
```

ಇದರಲ್ಲಿ ಕ್ಲಾಕ್‌ನ ಪ್ರತಿಯೊಂದು ಬಫರ್ ಕಾಣುತ್ತದೆ. ಎರಡೂ ಕ್ಲಾಕ್ ಪಾತ್‌ಗಳನ್ನು ಮೇಲಿನಿಂದ ಕೆಳಗೆ ಹೋಲಿಸಿಕೊಂಡು ಬನ್ನಿ. ಹೆಸರುಗಳು ಎಲ್ಲಿಯವರೆಗೆ ಒಂದೇ ಇವೆ, ಎಲ್ಲಿ ಬೇರೆಯಾಗುತ್ತವೆ ಎಂಬುದೇ ನನಗೆ ಬೇಕಾದ ಸಂಗತಿ.

#5 ಕಾವೇರಿತೀರ

ಧನ್ಯವಾದಗಳು ಸರ್. ಒಂದು ಜೋಡಿಯನ್ನು ಪೂರ್ತಿ ನೋಡಿದೆ. ಡಿರೇಟ್ ಇಲ್ಲದ ಲೆಕ್ಕದಲ್ಲಿ ಲಾಂಚ್ ಫ್ಲಾಪ್‌ಗೆ ಕ್ಲಾಕ್ 618ಕ್ಕೆ, ಕ್ಯಾಪ್ಚರ್ ಫ್ಲಾಪ್‌ಗೆ 622ಕ್ಕೆ ತಲುಪುತ್ತದೆ. ಎರಡೂ ದಾರಿಗಳು ಮೊದಲ 140 ಪಿಕೋಸೆಕೆಂಡ್‌ವರೆಗೆ ಮಾತ್ರ ಒಂದೇ. ಎರಡನೆಯ ಹಂತದ ಬಫರ್ ದಾಟಿದ ಕೂಡಲೇ ಬೇರೆಯಾಗುತ್ತವೆ. ಫ್ಲಾಪ್‌ಗಳ ನಡುವಿನ ಅಂತರ ಸುಮಾರು 40 ಮೈಕ್ರಾನ್. ಡೇಟಾ ಪಾತ್‌ನಲ್ಲಿ ಗೇಟ್‌ಗಳೇ ಇಲ್ಲ; ಕ್ಲಾಕ್ ಪಿನ್‌ನಿಂದ ಮುಂದಿನ ಡಿ ಪಿನ್‌ವರೆಗೆ ಡಿರೇಟ್ ಸೇರಿ 38 ಪಿಕೋಸೆಕೆಂಡ್. ಹೋಲ್ಡ್ ಅಗತ್ಯ 8, ಅನ್‌ಸರ್ಟನ್ಟಿ 10. ಕ್ಲಾಕ್ ಮೇಲಿನ ಡಿರೇಟ್ ಎರಡೂ ಕಡೆ 5 ಶೇಕಡಾ. ಸ್ಲ್ಯಾಕ್ ಋಣ 32 ಎಂದು ತೋರಿಸುತ್ತಿದೆ. ಎಲ್ಲವೂ ಒಂದೇ ಕಾರ್ನರ್‌ನ ಅಂಕಿಗಳು.

#6 ಮಲೆನಾಡಿಗ_ಟೈಮಿಂಗ್

ಇಷ್ಟು ಮಾಹಿತಿ ಸಾಕು. ಹೋಲ್ಡ್‌ಗೆ ಕೆಟ್ಟ ಸ್ಥಿತಿಯೆಂದರೆ ಲಾಂಚ್ ಕ್ಲಾಕ್ ಬೇಗ ಬಂದು ಕ್ಯಾಪ್ಚರ್ ಕ್ಲಾಕ್ ತಡವಾಗುವುದು. ಟೂಲ್ ಲಾಂಚ್ ದಾರಿಯನ್ನು 0.95ರಿಂದಲೂ ಕ್ಯಾಪ್ಚರ್ ದಾರಿಯನ್ನು 1.05ರಿಂದಲೂ ಗುಣಿಸುತ್ತದೆ. ಆದರೆ ಮೊದಲ 140 ಪಿಕೋಸೆಕೆಂಡ್ ಇಬ್ಬರಿಗೂ ಸೇರಿದ ಅದೇ ಬಫರ್‌ಗಳದ್ದು. ಒಂದೇ ಬಫರ್ ಅದೇ ಗಳಿಗೆಯಲ್ಲಿ ವೇಗವಾಗಿಯೂ ನಿಧಾನವಾಗಿಯೂ ಇರಲಾರದು. ಆ ಭಾಗವನ್ನು ಸಿಪಿಪಿಆರ್ ಮನ್ನಾ ಮಾಡುತ್ತದೆ. ಉಳಿಯುವುದು 478 ಮತ್ತು 482.

```
capture : 482 × 1.05 = 506.1
launch  : 478 × 0.95 = 454.1
diff    :               52.0
slack   : 38 − 8 − 10 − 52 = −32
```

ವರದಿಯಲ್ಲಿ 4 ಪಿಕೋಸೆಕೆಂಡ್ ಸ್ಕ್ಯೂ ಇರುವ ಜೋಡಿ ಸೈನ್‌ಆಫ್‌ನಲ್ಲಿ 52 ಪಿಕೋಸೆಕೆಂಡ್ ಸ್ಕ್ಯೂ ಇರುವ ಜೋಡಿಯಾಗಿ ನಿಂತಿದೆ. ಹೆಚ್ಚುವರಿ 48 ಹುಟ್ಟಿದ್ದು ಹಂಚಿಕೊಳ್ಳದ ಡಿಲೇಯಿಂದ, ಮತ್ತೆಲ್ಲಿಂದಲೂ ಅಲ್ಲ.

ಶಿವಮೊಗ್ಗದಿಂದ ಬೆಂಗಳೂರಿಗೆ ಹೊರಟ ಇಬ್ಬರು ತುಮಕೂರಿನವರೆಗೆ ಒಂದೇ ಬಸ್ಸಿನಲ್ಲಿ ಬಂದರೆ, ದಾರಿಯಲ್ಲಿ ಬಸ್ಸು ಎಷ್ಟೇ ತಡವಾದರೂ ಅವರಿಬ್ಬರ ನಡುವೆ ಅಂತರ ಹುಟ್ಟುವುದಿಲ್ಲ. ತುಮಕೂರಿನಲ್ಲಿ ಬೇರೆ ಬೇರೆ ಬಸ್ಸು ಹತ್ತಿದ ಮೇಲೆ ಮಾತ್ರ ಯಾರು ಮೊದಲು ಎಂಬ ಪ್ರಶ್ನೆ ಬರುತ್ತದೆ. ನಿಮ್ಮ ಎರಡು ಫ್ಲಾಪ್‌ಗಳು ಊರಿನ ನಿಲ್ದಾಣ ಬಿಟ್ಟ ಸ್ವಲ್ಪ ಹೊತ್ತಿಗೇ ಬೇರೆ ಬಸ್ಸು ಹತ್ತಿವೆ.

ಈಗ ಲೀಡ್ ಹೇಳಿದ್ದನ್ನು ಪರೀಕ್ಷಿಸೋಣ. ಕವಲೊಡೆಯುವ ಜಾಗವನ್ನು 140ರಲ್ಲೇ ಬಿಟ್ಟು ಒಟ್ಟು ಡಿಲೇಯನ್ನು ಸುಮಾರು 400ಕ್ಕೆ ಇಳಿಸಿದಿರಿ ಎಂದುಕೊಳ್ಳಿ. ಹಂಚಿಕೊಳ್ಳದ ಭಾಗ ಸುಮಾರು 260 ಆಗುತ್ತದೆ. ದಂಡ 26, ಅದಕ್ಕೆ ಮೂಲದ 4 ಸೇರಿ 30. ಸ್ಲ್ಯಾಕ್ ಋಣ 10. ಸುಧಾರಿಸಿತು, ಆದರೆ ನಿಲ್ಲಲಿಲ್ಲ. ಇನ್ನೊಂದು ದಾರಿ: ಒಟ್ಟು ಡಿಲೇಯನ್ನು 620ರಲ್ಲೇ ಬಿಟ್ಟು ಕವಲೊಡೆಯುವ ಜಾಗವನ್ನು 500ಕ್ಕೆ ಇಳಿಸಿ. ಆಗ 118 ಮತ್ತು 122 ಉಳಿದು ವ್ಯತ್ಯಾಸ 16 ಆಗುತ್ತದೆ. ಸ್ಲ್ಯಾಕ್ ಧನ 4. ಆದ್ದರಿಂದ ಲೀಡ್ ಅವರ ಮಾತು ಸರಿಯಾದ ದಿಕ್ಕಿನಲ್ಲೇ ಇದೆ, ಆದರೆ ನೀವು ಮೊದಲು ಕೇಳಬೇಕಾದದ್ದು ಒಟ್ಟು ಡಿಲೇ ಎಷ್ಟು ಎಂಬುದಕ್ಕಿಂತ, ಪರಸ್ಪರ ಮಾತನಾಡುವ ಫ್ಲಾಪ್‌ಗಳು ಎಷ್ಟು ಕೆಳಗಿನವರೆಗೆ ಒಂದೇ ದಾರಿಯಲ್ಲಿ ಬರುತ್ತವೆ ಎಂಬುದು.

#7 ಶೂನ್ಯಸ್ಕ್ಯೂ

ಮಲೆನಾಡಿಗರ ಅಂಕಗಣಿತವನ್ನು ಒಪ್ಪುತ್ತೇನೆ, ಆದರೆ ಆ 5 ಶೇಕಡಾ ಎಲ್ಲಿಂದ ಬಂತು ಎಂದು ಯಾರೂ ಕೇಳುತ್ತಿಲ್ಲ. 480 ಪಿಕೋಸೆಕೆಂಡ್ ಎಂದರೆ 40 ಪಿಕೋಸೆಕೆಂಡ್‌ನ ಸುಮಾರು 12 ಹಂತಗಳು. ಹನ್ನೆರಡೂ ಬಫರ್‌ಗಳು ಒಂದು ಕೊಂಬೆಯಲ್ಲಿ ಒಟ್ಟಾಗಿ ವೇಗವಾಗಿ, ಇನ್ನೊಂದರಲ್ಲಿ ಒಟ್ಟಾಗಿ ನಿಧಾನವಾಗಿ ಇರುವ ಸಾಧ್ಯತೆ ಎಷ್ಟು? ಯಾದೃಚ್ಛಿಕ ಏರುಪೇರು ಹಂತಗಳ ಸಂಖ್ಯೆಯ ವರ್ಗಮೂಲದಂತೆ ಬೆಳೆಯುತ್ತದೆ. ಒಂದು ಹಂತದ ಸಿಗ್ಮಾ 3 ಶೇಕಡಾ, ಅಂದರೆ 1.2 ಪಿಕೋಸೆಕೆಂಡ್ ಎಂದುಕೊಂಡರೆ, 12 ಹಂತಕ್ಕೆ ಸುಮಾರು 4.2, ಎರಡು ಕೊಂಬೆಗಳ ವ್ಯತ್ಯಾಸಕ್ಕೆ ಸುಮಾರು 5.9, ಮೂರು ಸಿಗ್ಮಾಕ್ಕೆ 18 ಕೂಡ ದಾಟುವುದಿಲ್ಲ. 48ರ ಜಾಗದಲ್ಲಿ 18 ಇಟ್ಟರೆ ಸ್ಲ್ಯಾಕ್ ಋಣ 2 ಮಾತ್ರ. ಇದು ಟ್ರೀಯ ದೋಷವಲ್ಲ, ಚಪ್ಪಟೆ ಡಿರೇಟ್‌ನ ದೋಷ. ಹಂತಹಂತದ ಸಿಗ್ಮಾವನ್ನೇ ಲೆಕ್ಕಕ್ಕೆ ಹಿಡಿಯುವ ಪಿಓಸಿವಿಗೆ ಹೋಗಿ, ಅರ್ಧ ತೊಂದರೆ ಕರಗುತ್ತದೆ.

#8 ಮಲೆನಾಡಿಗ_ಟೈಮಿಂಗ್

ಯಾದೃಚ್ಛಿಕ ಭಾಗದ ಮಟ್ಟಿಗೆ ನಿಮ್ಮ ಮಾತು ನ್ಯಾಯವಾದದ್ದು, ಮತ್ತು ಲೈಬ್ರರಿಯಲ್ಲಿ ಅದರ ಅಂಕಿಅಂಶಗಳು ಇದ್ದರೆ ಚಪ್ಪಟೆ ಡಿರೇಟ್ ಬಳಸುವುದಕ್ಕೆ ಕಾರಣವೇ ಇಲ್ಲ. ಆದರೆ ಎಲ್ಲ ಏರುಪೇರೂ ಯಾದೃಚ್ಛಿಕವಲ್ಲ. ಒಂದು ಕೊಂಬೆ ಹೆಚ್ಚು ಕರೆಂಟ್ ಎಳೆಯುವ ಗುಣಕಾರಕಗಳ ನಡುವೆ ಹಾದುಹೋದರೆ, ಅಲ್ಲಿ ಪೂರೈಕೆಯ ವೋಲ್ಟೇಜ್ ಕುಸಿದಾಗ ಆ ಕೊಂಬೆಯ ಬಫರ್‌ಗಳೆಲ್ಲವೂ ಒಟ್ಟಿಗೇ ನಿಧಾನವಾಗುತ್ತವೆ. ಆ ಭಾಗ ವರ್ಗಮೂಲದಂತೆ ಬೆಳೆಯದೆ ಡಿಲೇಯಷ್ಟೇ ನೇರವಾಗಿ ಬೆಳೆಯುತ್ತದೆ. ಆದ್ದರಿಂದಲೇ ಅನೇಕ ತಂಡಗಳು ಪಿಓಸಿವಿಯ ಮೇಲೆ ವೋಲ್ಟೇಜ್ ಮತ್ತು ಉಷ್ಣತೆಗೆಂದು ಸಣ್ಣದೊಂದು ಚಪ್ಪಟೆ ಡಿರೇಟ್ ಅನ್ನೂ ಉಳಿಸಿಕೊಳ್ಳುತ್ತವೆ.

ಇನ್ನೊಂದು ಕಾರಣವನ್ನು ಜನ ಸುಲಭವಾಗಿ ಮರೆಯುತ್ತಾರೆ. ನಿಧಾನ ಕಾರ್ನರ್‌ನಲ್ಲಿ ಎರಡು ಕೊಂಬೆಗಳು 480ಕ್ಕೆ ಸಮವಾಗಿವೆ ಎಂದುಕೊಳ್ಳಿ. ಒಂದರಲ್ಲಿ ಬಫರ್‌ಗಳ ಪಾಲು 350, ತಂತಿಯ ಪಾಲು 130; ಇನ್ನೊಂದರಲ್ಲಿ ಬಫರ್ 450, ತಂತಿ 30. ವೇಗದ ಕಾರ್ನರ್‌ನಲ್ಲಿ ಬಫರ್‌ನ ಡಿಲೇ ಅರ್ಧವಾಗಿ, ತಂತಿಯದು ಹೆಚ್ಚುಕಡಿಮೆ ಹಾಗೆಯೇ ಉಳಿದರೆ ಮೊದಲನೆಯದು 305, ಎರಡನೆಯದು 255. ಒಂದು ಕಾರ್ನರ್‌ನಲ್ಲಿ ಸೊನ್ನೆ ಇದ್ದ ಸ್ಕ್ಯೂ ಇನ್ನೊಂದರಲ್ಲಿ 50. ಇದಕ್ಕೆ ಡಿರೇಟ್ ಬೇಕಾಗಿಯೇ ಇಲ್ಲ, ಇದು ನಿಜವಾದ ಸ್ಕ್ಯೂ. ಕೊಂಬೆ ಉದ್ದವಾದಷ್ಟೂ ಬಫರ್ ಮತ್ತು ತಂತಿಯ ಪಾಲು ಬೇರೆಯಾಗುವುದಕ್ಕೆ ಅವಕಾಶ ಹೆಚ್ಚು. ಆದ್ದರಿಂದ ಸ್ಕ್ಯೂ ವರದಿಯನ್ನು ಒಂದು ಕಾರ್ನರ್‌ನಲ್ಲಿ ಓದಿ ಮುಚ್ಚಿಡಬೇಡಿ. `report_clock_timing -type skew` ಅನ್ನು ಎಲ್ಲ ಕಾರ್ನರ್‌ಗಳಲ್ಲೂ ಓಡಿಸಿ ಪಕ್ಕಪಕ್ಕ ಇಟ್ಟು ನೋಡಿ.

#9 ಎಂಟೆಕ್_ವಿದ್ಯಾರ್ಥಿ

ಮಧ್ಯೆ ಪ್ರವೇಶಿಸುವುದಕ್ಕೆ ಕ್ಷಮಿಸಿ. ನಾನು ಕಾಲೇಜಿನ ಪ್ರಾಜೆಕ್ಟ್‌ಗಾಗಿ ಓಪನ್‌ರೋಡ್ ಬಳಸಿ ಸ್ಕೈ130ರಲ್ಲಿ ಸಣ್ಣದೊಂದು ಪ್ರೊಸೆಸರ್ ಮಾಡುತ್ತಿದ್ದೇನೆ. `report_clock_skew` ಕೊಟ್ಟಾಗ 0.3 ನ್ಯಾನೋಸೆಕೆಂಡ್ ಬರುತ್ತದೆ. ನನ್ನ ಕ್ಲಾಕ್ ಅವಧಿ 10 ನ್ಯಾನೋಸೆಕೆಂಡ್, ಅಂದರೆ ಸ್ಕ್ಯೂ ಬರೀ 3 ಶೇಕಡಾ. ನಾನು ಇದರ ಬಗ್ಗೆ ಚಿಂತಿಸಬೇಕಾಗಿಲ್ಲ ತಾನೇ?

#10 ಗೇಟಿಂಗ್‌ಗೌರಿ

ಸೆಟಪ್‌ಗೆ ಚಿಂತೆಯಿಲ್ಲ, ಹೋಲ್ಡ್‌ಗೆ ಚಿಂತೆಯಿದೆ. ಹೋಲ್ಡ್ ಪರಿಶೀಲನೆ ಒಂದೇ ಕ್ಲಾಕ್ ಅಂಚಿನಲ್ಲಿ ನಡೆಯುವುದರಿಂದ ಅದರಲ್ಲಿ ಅವಧಿ ಬರುವುದೇ ಇಲ್ಲ. ನೀವು ಕ್ಲಾಕ್ ಅನ್ನು 1 ಮೆಗಾಹರ್ಟ್ಸ್‌ಗೆ ಇಳಿಸಿದರೂ 0.3 ನ್ಯಾನೋಸೆಕೆಂಡ್ ಸ್ಕ್ಯೂ ಅಷ್ಟೇ ಕಾಟ ಕೊಡುತ್ತದೆ. ಹೋಲ್ಡ್ ತಪ್ಪಿದ ಚಿಪ್ಪನ್ನು ನಿಧಾನವಾಗಿ ಓಡಿಸಿ ಉಳಿಸಿಕೊಳ್ಳಲು ಆಗುವುದಿಲ್ಲ. ಶಿಫ್ಟ್ ರಿಜಿಸ್ಟರ್‌ನಂತೆ ಫ್ಲಾಪ್‌ನಿಂದ ಫ್ಲಾಪ್‌ಗೆ ನೇರವಾಗಿ ಹೋಗುವ ಪಾತ್‌ಗಳನ್ನು ಮೊದಲು ನೋಡಿ.

ಕಾವೇರಿತೀರ ಅವರಿಗೆ ಒಂದು ಮಾತು. ನಿಮ್ಮ ಜೋಡಿಯಲ್ಲಿ ಒಂದು ಫ್ಲಾಪ್ ಕ್ಲಾಕ್ ಗೇಟ್‌ನ ಕೆಳಗೂ ಇನ್ನೊಂದು ಗೇಟ್ ಇಲ್ಲದ ಕೊಂಬೆಯಲ್ಲೂ ಇದೆಯೇ ಎಂದು ನೋಡಿ. 40 ಮೈಕ್ರಾನ್ ದೂರದ ಫ್ಲಾಪ್‌ಗಳು ಎರಡನೆಯ ಹಂತದಲ್ಲೇ ಬೇರೆಯಾಗಿವೆ ಎಂದಾಗ ನನಗೆ ಮೊದಲು ಬರುವ ಅನುಮಾನ ಅದೇ. ಪವರ್ ಉಳಿಸಲೆಂದು ಗೇಟ್ ಅನ್ನು ಟ್ರೀಯ ಮೇಲ್ಭಾಗದಲ್ಲಿ ಇಟ್ಟರೆ ಅದರ ಕೆಳಗಿನ ಸಂಸಾರವೇ ಬೇರೆಯಾಗುತ್ತದೆ, ಮತ್ತೆ ಎಲ್ಲಿಯೂ ಸೇರುವುದಿಲ್ಲ.

ಇನ್ಸರ್ಷನ್ ಡಿಲೇ ನೇರವಾಗಿ ಕಚ್ಚುವ ಇನ್ನೊಂದು ಜಾಗವೂ ಅದೇ ಗೇಟ್. ನಿಮ್ಮ ಟ್ರೀಯಲ್ಲಿ ಫ್ಲಾಪ್‌ಗಳಿಗೆ ಕ್ಲಾಕ್ 620ಕ್ಕೆ ಬರುತ್ತದೆ, ಮೇಲಿರುವ ಗೇಟ್‌ಗೆ ಉದಾಹರಣೆಗೆ 260ಕ್ಕೆ. ಎನೇಬಲ್ ಸಿಗ್ನಲ್ 620ಕ್ಕೆ ಹೊರಟು, ಮುಂದಿನ ಸೈಕಲ್‌ನಲ್ಲಿ 1,260ಕ್ಕೆ ಮೊದಲು ಗೇಟ್ ತಲುಪಬೇಕು. 1,000 ಪಿಕೋಸೆಕೆಂಡ್ ಇದೆ ಎಂದು ಡಿಸೈನರ್ ಅಂದುಕೊಂಡಲ್ಲಿ ಸಿಗುವುದು 640 ಮಾತ್ರ. ಇಲ್ಲಿ 360 ಕಳೆದುಹೋದದ್ದು ಯಾವ ಏರುಪೇರಿನಿಂದಲೂ ಅಲ್ಲ. ಶೂನ್ಯಸ್ಕ್ಯೂ ಅವರು ಪೋರ್ಟ್‌ಗಳಲ್ಲಿ ಮಾತ್ರ ತೊಂದರೆ ಎಂದದ್ದಕ್ಕೆ ಇದನ್ನೂ ಸೇರಿಸಿಕೊಳ್ಳಬೇಕು.

#11 ಗ್ರಿಡ್‌ಪರ

ಇಷ್ಟೆಲ್ಲ ಹೇಳಿದ ಮೇಲೂ ಮೆಶ್ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲವಲ್ಲ! ನೀವು ವಿವರಿಸಿದ ರೋಗಕ್ಕೆ ನೇರ ಮದ್ದು ಅದೇ. ಮೆಶ್‌ನಲ್ಲಿ ಮೇಲೊಂದು ಎಚ್-ಟ್ರೀ ಇರುತ್ತದೆ, ಅದರ ತುದಿಯ ಡ್ರೈವರ್‌ಗಳೆಲ್ಲವೂ ಮೇಲಿನ ಲೋಹದ ಪದರಗಳಲ್ಲಿ ಹೆಣೆದ ಒಂದೇ ಜಾಲಕ್ಕೆ ಸೇರುತ್ತವೆ, ಫ್ಲಾಪ್‌ಗಳು ಜಾಲದಿಂದ ಒಂದೆರಡು ಹಂತ ಕೆಳಗೆ ಮಾತ್ರ ಇರುತ್ತವೆ. ಜಾಲದ ಮೇಲಿನ ಡಿಲೇ 500 ಇರಲಿ, 700 ಇರಲಿ, ಅದು ಎಲ್ಲರಿಗೂ ಸೇರಿದ್ದು. ಒಂದು ಡ್ರೈವರ್ ತುಸು ನಿಧಾನವಾದರೆ ಅಕ್ಕಪಕ್ಕದವು ಅದರ ಭಾರವನ್ನು ಎಳೆಯುತ್ತವೆ, ಹಾಗಾಗಿ ಮೇಲಿನ ಏರುಪೇರು ಸರಾಸರಿಯಾಗಿ ಕರಗುತ್ತದೆ. ಹಂಚಿಕೊಳ್ಳದ ಭಾಗ 60ರಿಂದ 80 ಪಿಕೋಸೆಕೆಂಡ್ ಮಾತ್ರ.

ಇದು ಹೊಸದೂ ಅಲ್ಲ. ಡಿಜಿಟಲ್ ಕಂಪನಿಯ ಆಲ್ಫಾ 21064, 1992ರಲ್ಲಿ, 200 ಮೆಗಾಹರ್ಟ್ಸ್‌ನಲ್ಲಿ ಇಡೀ ಚಿಪ್‌ಗೆ ಒಂದೇ ಕ್ಲಾಕ್ ಜಾಲ ಇಟ್ಟುಕೊಂಡಿತ್ತು. ಅದರ ಡ್ರೈವರ್ ಚಿಪ್‌ನ ನಡುಮಧ್ಯದಲ್ಲಿತ್ತು. ಐಬಿಎಂನ ಪವರ್4, 2001ರಲ್ಲಿ, ಟ್ರೀಗಳಿಂದ ಚಾಲನೆ ಪಡೆಯುವ ಒಂದೇ ಗ್ರಿಡ್ ಅನ್ನು ಇಡೀ ಚಿಪ್ ಮೇಲೆ ಹಾಸಿತ್ತು. ವೇಗ ಬೇಕಾದವರು ಟ್ರೀಯನ್ನು ಮಾತ್ರ ನಂಬಿ ಕೂರಲಿಲ್ಲ.

#12 ಮಿಲಿವ್ಯಾಟ್

ಆಲ್ಫಾದ ಹೆಸರು ಎತ್ತಿದವರು ಅದರ ಬಿಲ್ಲನ್ನೂ ಓದಬೇಕು. 21064ರ ಕ್ಲಾಕ್ ಲೋಡ್ 3.25 ನ್ಯಾನೋಫ್ಯಾರಡ್. 3.3 ವೋಲ್ಟ್, 200 ಮೆಗಾಹರ್ಟ್ಸ್‌ಗೆ ಆ ಲೋಡ್ ಒಂದೇ ಸುಮಾರು 7 ವ್ಯಾಟ್ ಕುಡಿಯುತ್ತದೆ. ಇಡೀ ಚಿಪ್ 30 ವ್ಯಾಟ್‌ನ ಆಸುಪಾಸಿನದು. ಅದಕ್ಕೆ ಮುಂಚಿನ ಹಂತಗಳ ಡ್ರೈವರ್‌ಗಳ ಖರ್ಚು ಬೇರೆ. ಅದೇ ವಂಶದ 21264ಕ್ಕೆ ಬರುವಷ್ಟರಲ್ಲಿ ಅವರೇ ಗ್ರಿಡ್‌ನ ಕೆಳಗೆ ಗೇಟ್ ಮಾಡಬಲ್ಲ ಸ್ಥಳೀಯ ಕ್ಲಾಕ್‌ಗಳನ್ನು ತಂದರು. ಕಾರಣ ಪವರ್.

ಈಗಿನ ಬ್ಲಾಕ್‌ಗೆ ಬನ್ನಿ. ಮೆಶ್‌ನ ತಂತಿ ಮತ್ತು ಡ್ರೈವರ್‌ಗಳು 40 ಪಿಕೋಫ್ಯಾರಡ್ ಸೇರಿಸುತ್ತವೆ ಎಂದುಕೊಂಡರೆ, 0.8 ವೋಲ್ಟ್, 1 ಗಿಗಾಹರ್ಟ್ಸ್‌ಗೆ 25.6 ಮಿಲಿವ್ಯಾಟ್. ಅಂಕಿ ಚಿಕ್ಕದೆನಿಸಬಹುದು, ಆದರೆ ಕ್ಲಾಕ್ ಗೇಟ್‌ಗಳು ಜಾಲದ ಕೆಳಗೆ ಇರುವುದರಿಂದ ಬ್ಲಾಕ್ ಸುಮ್ಮನಿರುವಾಗಲೂ ಅದು ನಿಲ್ಲುವುದಿಲ್ಲ. ಟ್ರೀಯಲ್ಲಿ ಮೇಲಿನ ಗೇಟ್ ಮುಚ್ಚಿದರೆ ಕೊಂಬೆಯೇ ಮಲಗುತ್ತದೆ. ಬ್ಯಾಟರಿಯ ಮೇಲೆ ಓಡುವ ಚಿಪ್‌ನಲ್ಲಿ ಈ ವ್ಯತ್ಯಾಸವನ್ನು ನಾನು ಯಾರಿಗೂ ಬಿಟ್ಟುಕೊಡಲಾರೆ.

ಇನ್ನೊಂದು ಖರ್ಚು ಗುಪ್ತವಾದದ್ದು. ಒಂದು ಡ್ರೈವರ್ ಜಾಲವನ್ನು ಮೇಲಕ್ಕೆ ಎಳೆಯುತ್ತಿರುವಾಗ, ತಡವಾದ ಇನ್ನೊಂದು ಅದೇ ಜಾಲವನ್ನು ಕೆಳಗೆ ಹಿಡಿದುಕೊಂಡಿರುತ್ತದೆ. ಅಷ್ಟು ಹೊತ್ತು ವಿದ್ಯುತ್ ಒಂದರಿಂದ ಇನ್ನೊಂದಕ್ಕೆ ಸುಮ್ಮನೆ ಹರಿಯುತ್ತದೆ. ನೀವು "ಸರಾಸರಿಯಾಗಿ ಕರಗುತ್ತದೆ" ಎಂದದ್ದು ಈ ಜಗಳದ ಇನ್ನೊಂದು ಹೆಸರು. ಮೇಲಿನ ಎಚ್-ಟ್ರೀಯ ಸ್ಕ್ಯೂ ಜಾಲದ ಏರಿಕೆಯ ಸಮಯಕ್ಕಿಂತ ಹೆಚ್ಚಾದರೆ ಕರಗುವುದು ಸ್ಕ್ಯೂ ಅಲ್ಲ, ಪವರ್.

#13 ಗ್ರಿಡ್‌ಪರ

ಮಿಲಿವ್ಯಾಟ್ ಅವರೇ, ಲೆಕ್ಕವನ್ನು ಎರಡೂ ಕಡೆ ಹಾಕಿ. ಟ್ರೀಯಲ್ಲಿ ಕಾವೇರಿತೀರ ಅವರು ಹೋಲ್ಡ್‌ಗಾಗಿ ಸುರಿಯಲಿರುವ ಡಿಲೇ ಬಫರ್‌ಗಳೂ ಪವರ್ ಮತ್ತು ಜಾಗ ತಿನ್ನುತ್ತವೆ, ಸೆಟಪ್ ಬಿಗಿ ಇರುವ ಕಡೆ ವೇಗವನ್ನೂ ತಿನ್ನುತ್ತವೆ. ಪ್ರೊಸೆಸರ್ ಕೋರ್‌ನಲ್ಲಿ ಹತ್ತಿಪ್ಪತ್ತು ಪಿಕೋಸೆಕೆಂಡ್ ಉಳಿಸಿದರೆ ಅದನ್ನು ವೋಲ್ಟೇಜ್ ಇಳಿಸುವುದಕ್ಕೆ ಬಳಸಬಹುದು. ಎಚ್-ಟ್ರೀಯನ್ನು ಸಮವಾಗಿ ಕಟ್ಟಬೇಕೆಂಬುದು ನಿಜ, ಆದರೆ ಅದು ಕೈಯಲ್ಲಿ ಎಣಿಸಬಹುದಾದಷ್ಟು ಡ್ರೈವರ್‌ಗಳ ರಚನೆ. 40 ಸಾವಿರ ತುದಿಗಳನ್ನು ಸಮ ಮಾಡುವಷ್ಟು ಕಷ್ಟವಲ್ಲ.

#14 ಮಲೆನಾಡಿಗ_ಟೈಮಿಂಗ್

ಗ್ರಿಡ್‌ಪರ ಅವರ ಮಾತಿನಲ್ಲಿ ಒಂದು ಕೊಂಡಿ ಬಿಟ್ಟುಹೋಗಿದೆ. "ಜಾಲದ ಮೇಲಿನದು ಎಲ್ಲರಿಗೂ ಸೇರಿದ್ದು" ಎಂಬುದು ಟೈಮಿಂಗ್ ಟೂಲ್‌ಗೆ ತಾನಾಗಿ ತಿಳಿಯುವುದಿಲ್ಲ. ಒಂದು ನೆಟ್‌ಗೆ ಅರವತ್ತು ಡ್ರೈವರ್‌ಗಳಿದ್ದರೆ, ಕೇವಲ ಗೇಟ್‌ನಿಂದ ಗೇಟ್‌ಗೆ ಡಿಲೇ ಕೂಡಿಸುವ ಟೂಲ್ ಒಂದು ಫ್ಲಾಪ್‌ಗೆ ಒಂದು ಡ್ರೈವರ್‌ನ ದಾರಿಯನ್ನೂ ಇನ್ನೊಂದಕ್ಕೆ ಇನ್ನೊಂದರ ದಾರಿಯನ್ನೂ ಹಿಡಿಯಬಹುದು. ಆಗ ಸಿಪಿಪಿಆರ್‌ಗೆ ಹಂಚಿಕೊಂಡ ಭಾಗ ಬಹಳ ಮೇಲೆಯೇ ಮುಗಿದಂತೆ ಕಾಣುತ್ತದೆ, ದಂಡ ಟ್ರೀಗಿಂತ ಹೆಚ್ಚಾಗುತ್ತದೆ. ಆದ್ದರಿಂದ ಮೆಶ್ ಮಾಡುವವರು ಜಾಲವನ್ನು ಅದರ ರೆಸಿಸ್ಟೆನ್ಸ್ ಮತ್ತು ಕೆಪ್ಯಾಸಿಟೆನ್ಸ್ ಸಮೇತ ಸ್ಪೈಸ್‌ನಲ್ಲಿ ಓಡಿಸಿ, ಪ್ರತಿ ಟ್ಯಾಪ್‌ಗೆ ಕ್ಲಾಕ್ ತಲುಪುವ ಸಮಯವನ್ನು ಅಲ್ಲಿಂದ ತಂದು ಟೂಲ್‌ಗೆ ಹೇಳಿಕೊಡುತ್ತಾರೆ, ಮತ್ತು ಜಾಲವನ್ನು ಒಂದೇ ಡ್ರೈವರ್‌ನ ನೆಟ್ ಎಂಬಂತೆ ತೋರಿಸುತ್ತಾರೆ.

ಇಲ್ಲಿ ಅಪಾಯ ಇದೆ. ಒಂದೇ ಡ್ರೈವರ್ ಎಂದು ತೋರಿಸಿದ ಕ್ಷಣ ಜಾಲದ ಮೇಲಿನ ಏರುಪೇರೆಲ್ಲ ಸೈನ್‌ಆಫ್‌ನ ಕಣ್ಣಿಗೆ ಬೀಳದಂತಾಗುತ್ತದೆ. ಜಾಲದ ಎರಡು ಮೂಲೆಗಳ ನಡುವೆ ಉಳಿದಿರುವ ನಿಜವಾದ ವ್ಯತ್ಯಾಸವನ್ನು ಏರುಪೇರು ಸೇರಿಸಿದ ಸ್ಪೈಸ್ ಓಟಗಳಿಂದ ತೆಗೆದು ಅನ್‌ಸರ್ಟನ್ಟಿಯಲ್ಲಿ ಕೈಯಾರೆ ಸೇರಿಸದಿದ್ದರೆ, ಮೆಶ್‌ನ ಸ್ಲ್ಯಾಕ್ ಕಾಗದದ ಮೇಲಿನ ಸ್ಲ್ಯಾಕ್. ಮೆಶ್ ಟ್ರೀಗಿಂತ ಇಷ್ಟು ಮೇಲು ಎಂದು ಯಾರಾದರೂ ಕೋಷ್ಟಕ ತೋರಿಸಿದರೆ, ಎರಡರ ಅನ್‌ಸರ್ಟನ್ಟಿಯನ್ನೂ ಕೇಳಿ ನೋಡಿ.

#15 ಕಾವೇರಿತೀರ

ಗೌರಿ ಅವರ ಅನುಮಾನವೇ ನಿಜವಾಯಿತು. ಆ ಜೋಡಿಯಲ್ಲಿ ಲಾಂಚ್ ಫ್ಲಾಪ್ ಗೇಟ್ ಇಲ್ಲದ ಕೊಂಬೆಯಲ್ಲಿದೆ, ಕ್ಯಾಪ್ಚರ್ ಫ್ಲಾಪ್ ಇರುವ ಗುಂಪಿನ ಗೇಟ್ ಎರಡನೆಯ ಹಂತದ ಬಫರ್‌ನ ಕೆಳಗೇ ಕುಳಿತಿದೆ. ಟೂಲ್ ಎರಡೂ ಕಡೆ ಬಫರ್ ಸೇರಿಸಿ ಅಚ್ಚುಕಟ್ಟಾಗಿ 620ಕ್ಕೆ ಸಮ ಮಾಡಿದೆ.

ಆ ಗೇಟ್ ಅನ್ನು ಫ್ಲಾಪ್‌ಗಳ ಹತ್ತಿರಕ್ಕೆ ಇಳಿಸಿ, ಒಂದರ ಬದಲು ಹಲವು ಪ್ರತಿಗಳನ್ನು ಮಾಡಿ ಟ್ರೀಯನ್ನು ಮತ್ತೆ ಕಟ್ಟಿಸಿದೆ. ಈಗ ಆ ಜೋಡಿ ಸುಮಾರು 500ರವರೆಗೆ ಒಂದೇ ದಾರಿಯಲ್ಲಿ ಬರುತ್ತಿದೆ, ಸ್ಲ್ಯಾಕ್ ಧನಕ್ಕೆ ತಿರುಗಿದೆ, ಎನೇಬಲ್ ಸೆಟಪ್ ಕೂಡ ಸಡಿಲವಾಯಿತು. ಅದೇ ಬಗೆಯ ಬಹುಪಾಲು ವೈಲೇಷನ್‌ಗಳು ಹೋಗಿವೆ. ವಿಚಿತ್ರವೆಂದರೆ ಒಟ್ಟು ಇನ್ಸರ್ಷನ್ ಡಿಲೇ ಹೆಚ್ಚೇನೂ ಬದಲಾಗಿಲ್ಲ, ಒಟ್ಟಾರೆ ಸ್ಕ್ಯೂ 18ರಿಂದ 23ಕ್ಕೆ ಏರಿದೆ. ಹಳೆಯ ವರದಿಯನ್ನು ಮಾತ್ರ ನೋಡುವವರು ಟ್ರೀ ಕೆಟ್ಟಿದೆ ಎನ್ನುತ್ತಾರೆ.

ಆದರೆ ಬ್ಲಾಕ್‌ನ ಎಡ ಮತ್ತು ಬಲ ಅರ್ಧಗಳ ನಡುವೆ ಹಾದುಹೋಗುವ ಪಾತ್‌ಗಳು ಹಾಗೆಯೇ ಇವೆ. ಅವು ಟ್ರೀಯ ಮೊದಲ ಕವಲಿನಲ್ಲೇ ಬೇರೆಯಾಗುತ್ತವೆ, ಅವನ್ನು ಕೆಳಗೆ ಸೇರಿಸಲು ದಾರಿ ಕಾಣುತ್ತಿಲ್ಲ. ಅಲ್ಲಿ ಸೆಟಪ್ ಕೂಡ ಬಿಗಿ ಇದೆ, ಬಫರ್ ಹಾಕುವಂತಿಲ್ಲ. ಇದಕ್ಕಾದರೂ ಮೆಶ್ ಬೇಕಾಗುತ್ತದೆಯೇ?

#16 ಮಿಲಿವ್ಯಾಟ್

ಗೇಟ್ ಇಳಿಸಿದ ಮೇಲೆ ಪವರ್ ಎಷ್ಟು ಏರಿತು ಎಂಬುದನ್ನೂ ದಯವಿಟ್ಟು ಬರೆಯಿರಿ. ಮೇಲಿನ ಹಂತಗಳು ಈಗ ಸದಾ ಮಿಡಿಯುತ್ತಿರುತ್ತವೆ.

#17 ಗೇಟಿಂಗ್‌ಗೌರಿ

ಪೂರ್ತಿ ಮೆಶ್ ಮತ್ತು ಪೂರ್ತಿ ಟ್ರೀ ಎಂಬ ಎರಡೇ ಆಯ್ಕೆಗಳಿವೆ ಎಂದುಕೊಳ್ಳಬೇಡಿ. ಮೇಲೆ ಸಮಮಿತಿಯ ಎಚ್-ಟ್ರೀ ಒಂದನ್ನು ಕಟ್ಟಿ, ಅದರ ತುದಿಗಳನ್ನು ಹತ್ತಾರು ಟ್ಯಾಪ್‌ಗಳಾಗಿ ಬ್ಲಾಕ್ ಮೇಲೆ ಹರಡಿ, ಪ್ರತಿ ಟ್ಯಾಪ್‌ನ ಕೆಳಗೆ ಚಿಕ್ಕ ಟ್ರೀ ಕಟ್ಟುವ ಮಲ್ಟಿ-ಸೋರ್ಸ್ ವಿಧಾನ ಇದೆ. ಜಾಲ ಹೆಣೆಯದಿದ್ದರೆ ಡ್ರೈವರ್‌ಗಳ ಜಗಳವೂ ಇಲ್ಲ, ಸಾಮಾನ್ಯ ಟೈಮಿಂಗ್ ಟೂಲ್ ಸಾಕು. ಎಚ್-ಟ್ರೀಯಲ್ಲಿ ದಪ್ಪ ತಂತಿ ಮತ್ತು ದೊಡ್ಡ ಬಫರ್‌ಗಳಿಂದ ಹಂತಗಳು ಕಡಿಮೆ, ಬಫರ್ ಮತ್ತು ತಂತಿಯ ಪಾಲು ಎಲ್ಲ ಕೊಂಬೆಗಳಲ್ಲೂ ಒಂದೇ, ಆದ್ದರಿಂದ ಮಲೆನಾಡಿಗರು ಹೇಳಿದ ಕಾರ್ನರ್‌ಗಳ ತೊಂದರೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ಎಡ-ಬಲದ ಪಾತ್‌ಗಳಿಗೆ ಇದು ಎಷ್ಟು ಕೊಡುತ್ತದೆ ಎಂಬುದು ಟ್ಯಾಪ್‌ನ ಕೆಳಗಿನ ಟ್ರೀ ಎಷ್ಟು ಚಿಕ್ಕದು ಎಂಬುದರ ಮೇಲಿದೆ.

#18 ಶೂನ್ಯಸ್ಕ್ಯೂ

ಆದರೂ ಜಾಲ ಇಲ್ಲದ ಮಲ್ಟಿ-ಸೋರ್ಸ್‌ನಲ್ಲಿ ಎಡ ಮತ್ತು ಬಲದ ಫ್ಲಾಪ್‌ಗಳು ಹಂಚಿಕೊಳ್ಳುವುದು ಎಚ್-ಟ್ರೀಯ ಬೇರನ್ನು ಮಾತ್ರ. ಚಪ್ಪಟೆ 5 ಶೇಕಡಾ ಇರುವವರೆಗೆ ಅಲ್ಲಿ ದಂಡ ಬೀಳುತ್ತಲೇ ಇರುತ್ತದೆ. ನಾನು ಹೇಳಿದ ಪಿಓಸಿವಿಯನ್ನು ಮೊದಲು ಪ್ರಯತ್ನಿಸಿ, ಆಮೇಲೆ ರಚನೆ ಬದಲಿಸಿ.

#19 ಗ್ರಿಡ್‌ಪರ

ಹಾಗಾದರೆ ಟ್ಯಾಪ್‌ಗಳನ್ನು ಒಂದು ತೆಳು ಜಾಲದಿಂದ ಬೆಸೆಯಿರಿ. ಪೂರ್ತಿ ಮೆಶ್‌ನಷ್ಟು ಲೋಹ ಬೇಡ, ಟ್ಯಾಪ್‌ಗಳ ನಡುವಿನ ವ್ಯತ್ಯಾಸವನ್ನು ಹಿಡಿದಿಡುವಷ್ಟು ಸಾಕು.

#20 ಮಲೆನಾಡಿಗ_ಟೈಮಿಂಗ್

ತೆಳು ಜಾಲದ ರೆಸಿಸ್ಟೆನ್ಸ್ ಹೆಚ್ಚು, ದೂರದ ಟ್ಯಾಪ್‌ಗಳು ಒಂದನ್ನೊಂದು ಎಳೆಯಲಾರವು. ಪಕ್ಕದವು ಮಾತ್ರ ಸಮವಾಗುತ್ತವೆ. ಎಡ-ಬಲದ ಪಾತ್‌ಗಳಿಗೆ ಬೇಕಾದದ್ದು ದೂರದ ಸಮತೆ. ಜಾಲ ಎಷ್ಟರಮಟ್ಟಿಗೆ ತೆಳುವಾಗಿದ್ದರೆ ನಡೆಯುತ್ತದೆ ಎಂಬುದನ್ನು ಈ ಬ್ಲಾಕ್‌ನ ಅಳತೆಗೆ ಸ್ಪೈಸ್‌ನಲ್ಲಿ ಓಡಿಸದೆ ನಾನು ಹೇಳಲಾರೆ, ಗ್ರಿಡ್‌ಪರ ಅವರೂ ಹೇಳಬಾರದು.

ಕಾವೇರಿತೀರ ಅವರೇ, ರಚನೆ ಬದಲಿಸುವ ಮೊದಲು ಒಂದು ಕೆಲಸ ಮಾಡಿ. ನಡುಗೆರೆ ದಾಟುವ ಪಾತ್‌ಗಳಲ್ಲಿ ಗಮ್ಯ ಫ್ಲಾಪ್‌ಗಳು ಯಾವುವು, ಅವುಗಳನ್ನು ಗೆರೆಯ ಆಚೆಗೆ ಸರಿಸಿ ಕಳುಹಿಸುವ ಫ್ಲಾಪ್‌ಗಳ ಕೊಂಬೆಗೇ ಸೇರಿಸಿದರೆ ಮುಂದಿನ ಪಾತ್‌ಗೆ ಎಷ್ಟು ಸ್ಲ್ಯಾಕ್ ಉಳಿಯುತ್ತದೆ ಎಂದು ಪಟ್ಟಿ ಮಾಡಿ. ಮುಂದಿನ ಪಾತ್‌ನಲ್ಲಿ ಸಾಕಷ್ಟು ಗೇಟ್‌ಗಳಿದ್ದರೆ ಹೋಲ್ಡ್ ದಂಡವನ್ನು ಅದು ತಾನೇ ಹೊರುತ್ತದೆ, ಸೆಟಪ್ ಮಾತ್ರ ನೋಡಿಕೊಳ್ಳಬೇಕಾಗುತ್ತದೆ.

#21 ಕಾವೇರಿತೀರ

ಪಟ್ಟಿ ತೆಗೆಯುತ್ತಿದ್ದೇನೆ ಸರ್. ಮೊದಲ ನೋಟಕ್ಕೆ ಅರ್ಧದಷ್ಟು ಫ್ಲಾಪ್‌ಗಳನ್ನು ಸರಿಸಬಹುದು ಎನಿಸುತ್ತದೆ. ಉಳಿದವು ಮೆಮೊರಿಯ ಪಕ್ಕಕ್ಕೆ ಅಂಟಿಕೊಂಡಿವೆ, ಅಲುಗಾಡುವುದಿಲ್ಲ. ಮಿಲಿವ್ಯಾಟ್ ಅವರು ಕೇಳಿದ ಪವರ್ ಅಂಕಿಗಳನ್ನು ಸಿಮ್ಯುಲೇಷನ್ ಮುಗಿದ ಮೇಲೆ ಇಲ್ಲಿಯೇ ಹಾಕುತ್ತೇನೆ, ಪಿಓಸಿವಿ ಲೈಬ್ರರಿಗಾಗಿಯೂ ಕೇಳಿದ್ದೇನೆ.